ಬರೆದವನು ಒಗೀತಾನಾ?

ಕಳೆದ ಚಳಿಗಾಲದಲ್ಲಿ ನಮ್ಮ ಪತ್ರಿಕೆಗೆ ಒಂದು ಸಣ್ಣ ಬರಹ ಕಳಿಸಿದ್ದೆ. "ಮೆಷಿನ್ ಬಿಡಿ, ಕೈಯಲ್ಲಿ ಒಗೆಯಿರಿ" ಅಂತ ತಲೆಬರಹ ಕೊಟ್ಟಿದ್ದೂ ನಾನೇ. ಸಿಂಥೆಟಿಕ್ ಬಟ್ಟೆ ಒಗೆದಾಗ ಅದರಿಂದ ಕಣ್ಣಿಗೆ ಕಾಣದಂಥ ಪ್ಲಾಸ್ಟಿಕ್ ಎಳೆಗಳು ಉದುರುತ್ತವೆ, ಮೆಷಿನ್ನಿನಲ್ಲಿ ಹೆಚ್ಚು ಉದುರುತ್ತವೆ, ಕೈಯಲ್ಲಿ ಒಗೆದರೆ ಕಡಿಮೆ ಅನ್ನುವುದು ಅದರ ಸಾರಾಂಶ. ಜಿಲ್ಲಾ ಪುಟದ ಕೆಳಗಡೆ, ನಾಲ್ಕು ಇಂಚು ಜಾಗದಲ್ಲಿ ಬಂತು. ನಾನು ಖುಷಿಯಾಗಿ ಪೇಪರ್ ತಂದು ಜಗಲಿಯ ಮೇಲೆ ಇಟ್ಟೆ.

ಅವ್ವ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಓದಿ ಮಡಚಿ ಇಟ್ಟು ಕೇಳಿದರು: "ಚೆನ್ನಾಗ್ ಬರ್ದಿದೀಯ ಕಣಪ್ಪ. ಬರ್ದೋನು ಒಗೀತಾನಾ?"

ನನ್ನ ಹೆಂಡತಿ ಒಳಗಿನಿಂದ ಜೋರಾಗಿ ನಕ್ಕಳು. ನಾನೂ ನಕ್ಕೆ. ಆದರೆ ಅವ್ವ ಪೇಪರ್ ಮಡಚಿದ ರೀತಿ ನೋಡಿದ ಮೇಲೆ ನಗು ನಿಂತಿತು. ಅವರ ಬಲಗೈ ಹೆಬ್ಬೆರಳು ಸರಿಯಾಗಿ ಮಡಚುವುದಿಲ್ಲ. ಮೂವತ್ತೈದು ವರ್ಷ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಕುಕ್ಕಿ, ಹಿಂಡಿ ಸವೆದ ಮಣಿಕಟ್ಟು ಅದು. ಡಾಕ್ಟರು ಬಟ್ಟೆ ಹಿಂಡಲೇಬಾರದು ಅಂದ ಮೇಲೆಯೇ ನಾವು ಕಂತಿನ ಮೇಲೆ ಮೆಷಿನ್ ತಂದದ್ದು. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ನಮ್ಮ ಹಳೇಬೀಡು ಹೋಬಳಿಯ ಹಳ್ಳಿಗಳಲ್ಲಿ ಈಗ ಹೆಚ್ಚು ಕಾಣುವುದು ಇದೇ ಥರದ್ದು.

ಅಂದರೆ ನಾನು ಬರೆದದ್ದು ಸುಳ್ಳಾಗಿರಲಿಲ್ಲ. ಆದರೆ ಆ ನಿಜದ ಭಾರವನ್ನೆಲ್ಲ ಅವ್ವನ ಮಣಿಕಟ್ಟಿನ ಮೇಲೆ ಇಟ್ಟಿದ್ದೆ. ಈ ಬರಹ ಅದಕ್ಕೆ ತಿದ್ದುಪಡಿ. ಮೆಷಿನ್ ಇಟ್ಟುಕೊಂಡೇ ಎಳೆ ಉದುರುವುದನ್ನು ಎಷ್ಟು ತಗ್ಗಿಸಬಹುದು, ಉದುರಿದ್ದನ್ನು ಎಷ್ಟು ಹಿಡಿಯಬಹುದು ಅಂತ ನಾಲ್ಕೈದು ತಿಂಗಳು ಮನೆಯಲ್ಲೇ ಮಾಡಿ ನೋಡಿದ್ದನ್ನು ಹೇಳುತ್ತೇನೆ. ಎಡವಿದ್ದನ್ನೂ ಹೇಳುತ್ತೇನೆ.

ಮೊದಲು ಉದುರುವುದು ಏನು ಅಂತ ನೋಡೋಣ. ಬೆಳಗಿನ ಬಿಸಿಲು ಕಿಟಕಿಯಿಂದ ಕೋಲಿನಂತೆ ಬೀಳುವಾಗ ಮಕ್ಕಳ ಸ್ವೆಟರ್ ಒಂದನ್ನು ಅಲ್ಲಿ ಹಿಡಿದು ಕೊಡವಿ. ಬೆಳಕಿನಲ್ಲಿ ಏಳುವ ಸಣ್ಣ ಸಣ್ಣ ಎಳೆಗಳೇ ಅವು. ನೂಲು ಅಂದರೆ ಬಹಳ ಸಲ ಗಿಡ್ಡ ಎಳೆಗಳನ್ನು ಸೇರಿಸಿ ಹೊಸೆದದ್ದು. ನೀರಿನಲ್ಲಿ ಬಟ್ಟೆ ಬಟ್ಟೆಗೆ ಉಜ್ಜಿದಾಗ ಹೊರಗೆ ಚಾಚಿದ ತುದಿಗಳು ಮುರಿಯುತ್ತವೆ, ಸಡಿಲ ಇದ್ದವು ಜಾರಿ ಬರುತ್ತವೆ. ಹತ್ತಿ ಬಟ್ಟೆಯಿಂದಲೂ ಉದುರುತ್ತವೆ. ಆದರೆ ಹತ್ತಿ ಮಣ್ಣಿನಲ್ಲಿ ಕೊಳೆಯುತ್ತದೆ. ಪಾಲಿಯೆಸ್ಟರ್ ಕೊಳೆಯುವುದಿಲ್ಲ. ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್ಕನ್ನೇ ನೂಲಾಗಿ ಎಳೆದರೆ ಅದು ಪಾಲಿಯೆಸ್ಟರ್. ಸ್ವೆಟರ್, ಮಂಕಿ ಕ್ಯಾಪುಗಳಲ್ಲಿ ಉಣ್ಣೆಯ ಹಾಗೆ ಕಾಣುವುದು ಹೆಚ್ಚಾಗಿ ಅಕ್ರಿಲಿಕ್. ಅದೂ ಪ್ಲಾಸ್ಟಿಕ್ಕೇ.

ಇಟಲಿಯ ಸಂಶೋಧಕರು 2019ರಲ್ಲಿ ಮನೆಯ ಮೆಷಿನ್ನಿನಲ್ಲೇ ಸಿಂಥೆಟಿಕ್ ಬಟ್ಟೆ ಒಗೆದು ಹೊರಬಂದ ನೀರನ್ನು ಸೋಸಿ ತೂಕ ಹಾಕಿದರು. ಒಂದು ಕಿಲೋ ಬಟ್ಟೆಗೆ 124ರಿಂದ 308 ಮಿಲಿಗ್ರಾಂ ಎಳೆ ಸಿಕ್ಕಿತು. ಒಂದೊಂದು ಎಳೆಯ ಉದ್ದ ಸುಮಾರು ಅರ್ಧ ಮಿಲಿಮೀಟರ್, ದಪ್ಪ ನಮ್ಮ ತಲೆಗೂದಲಿಗಿಂತ ಎಷ್ಟೋ ಕಡಿಮೆ. ಇದನ್ನು ನಮ್ಮ ಮನೆಗೆ ಲೆಕ್ಕ ಹಾಕಿದೆ. ನಾಲ್ಕು ಕಿಲೋ ಸಿಂಥೆಟಿಕ್ ಬಟ್ಟೆ ಒಂದು ಸಲ ಒಗೆದರೆ ಅರ್ಧ ಗ್ರಾಂನಿಂದ ಒಂದೂಕಾಲು ಗ್ರಾಂವರೆಗೆ. ವಾರಕ್ಕೆ ಎರಡು ಸಲ ಅಂದರೆ ವರ್ಷಕ್ಕೆ 50ರಿಂದ 130 ಗ್ರಾಂ. ಒಂದು ಮನೆಗೆ ಇದು ಒಂದು ಹಿಡಿ. ಊರಿಗೆ ಎಷ್ಟು ಅಂತ ನೀವೇ ಮನೆ ಎಣಿಸಿಕೊಳ್ಳಿ.

ಈ ಒಂದು ಹಿಡಿ ಎಲ್ಲಿಗೆ ಹೋಗುತ್ತದೆ? ದೊಡ್ಡ ಊರಿನಲ್ಲಿ ಒಳಚರಂಡಿ, ಶುದ್ಧೀಕರಣ ಘಟಕ ಇದ್ದರೆ ಬಹುಪಾಲು ಎಳೆ ಅಲ್ಲಿನ ಕೆಸರಿನಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಮನೆಯ ಮೆಷಿನ್ನಿನ ಪೈಪು ಹಿತ್ತಿಲಿನ ಕಾಲುವೆಗೆ ಬಿಟ್ಟಿತ್ತು. ಅರ್ಧ ನೀರು ತೆಂಗಿನ ಪಾತಿಗೆ, ಅರ್ಧ ಬೀದಿ ಚರಂಡಿಗೆ. ಮಳೆ ಬಂದಾಗ ಚರಂಡಿಯ ನೀರು ತಗ್ಗು ಹುಡುಕಿಕೊಂಡು ಹಳ್ಳಕ್ಕೆ, ಹಳ್ಳದಿಂದ ಊರ ಕೆರೆಗೆ.

ನಮ್ಮದು ಕೆರೆಯ ಸೀಮೆ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ಆ ಹೆಸರು ಬಂದದ್ದೇ ಕೆರೆಯಿಂದ. ಸುತ್ತಲಿನ ಹಳ್ಳಿಗೂ ಒಂದೊಂದು ಕೆರೆ ಇದೆ. ಕೆರೆಯಲ್ಲಿ ಪಾಲಿಯೆಸ್ಟರ್ ಎಳೆ ತೇಲುವುದಿಲ್ಲ. ಅದು ನೀರಿಗಿಂತ ಭಾರ, ಲೀಟರಿಗೆ ಸುಮಾರು 1.38 ಕಿಲೋ. ಅಕ್ರಿಲಿಕ್ ಕೂಡ ನೀರಿಗಿಂತ ತುಸು ಭಾರವೇ. ಹಾಗಾಗಿ ನಿಂತ ನೀರಿನಲ್ಲಿ ನಿಧಾನಕ್ಕೆ ಇಳಿದು ಹೂಳು ಸೇರುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಾವು ಮಾಡುವುದೇನು? ಹೂಳು ತೆಗೆದು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುತ್ತೇವೆ. ಎರಡು ವರ್ಷದ ಹಿಂದೆ ನಾನೇ ನಮ್ಮ ರಾಗಿ ಹೊಲಕ್ಕೆ ಹನ್ನೆರಡು ಲೋಡು ಹೊಡೆಸಿದ್ದೆ. ಗೊಬ್ಬರಕ್ಕೆ ಸಮ ಅಂತ. ಮನೆಯಿಂದ ಹೋದದ್ದು ಸುತ್ತಿಕೊಂಡು ಮನೆಗೇ ಬರುತ್ತದೆ ಅನ್ನುವುದು ನನಗೆ ಹೊಳೆದದ್ದು ಆ ಬರಹ ಅಚ್ಚಾದ ಮೇಲೆ.

ನಮ್ಮ ಹೂಳಿನಲ್ಲಿ ಯಾರೂ ಎಣಿಸಿಲ್ಲದಿದ್ದರೂ ನಮ್ಮ ರಾಜ್ಯದ ನೀರಿನಲ್ಲಿ ನೋಡಿದವರಿದ್ದಾರೆ. ಮಣಿಪಾಲದ ಸಂಶೋಧಕರು ನೇತ್ರಾವತಿ ನದಿಯ ನೀರು, ತಳದ ಮಣ್ಣು, ದಡದ ಕಡೆಯ ಮಣ್ಣು ಮೂರನ್ನೂ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಮೂರರಲ್ಲೂ ಪ್ಲಾಸ್ಟಿಕ್ ಕಣಗಳಿದ್ದವು, ಅವುಗಳಲ್ಲಿ ಎಳೆಗಳೂ ಇದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಪೇಂದ್ರ ನೊಂಗ್ತೊಂಬ ಅವರ ತಂಡ ಕೆಆರ್‌ಎಸ್ ಹತ್ತಿರದ ಕಾವೇರಿ ನೀರು ನೋಡಿ 2022ರಲ್ಲಿ ವರದಿ ಮಾಡಿತು. ನಿಧಾನಕ್ಕೆ ಹರಿಯುವ ಮತ್ತು ನಿಂತ ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಸಿಕ್ಕಿತು. ಆ ನೀರಿನಲ್ಲಿ ಬೆಳೆದ ಮೀನಿನ ಮರಿಗಳ ಮೂಳೆ ವಕ್ರವಾಗಿತ್ತು. ಅದಕ್ಕೆ ಪ್ಲಾಸ್ಟಿಕ್ ಒಂದೇ ಕಾರಣ ಅಂತ ಅವರು ಹೇಳಿಲ್ಲ, ನೀರಿನಲ್ಲಿ ಬೇರೆ ರಾಸಾಯನಿಕಗಳೂ ಇದ್ದವು. ಬೇಲೂರಿನ ಯಗಚಿ ಹೇಮಾವತಿಗೆ ಸೇರುತ್ತದೆ, ಹೇಮಾವತಿ ಕೆಆರ್‌ಎಸ್‌ನಲ್ಲಿ ಕಾವೇರಿಗೆ ಸೇರುತ್ತದೆ. ನಮ್ಮ ತಾಲ್ಲೂಕಿನ ಬಚ್ಚಲಿಗೂ ಆ ನೀರಿಗೂ ದಾರಿ ಇದೆ ಅಂತಷ್ಟೇ ನಾನು ಹೇಳುವುದು.

ಈಗ ಪಂಚೆಯ ವಿಷಯಕ್ಕೆ ಬರುತ್ತೇನೆ.

ಮೆಷಿನ್ನಿನಲ್ಲಿ ಒಂದು ಸಣ್ಣ ಬಲೆಚೀಲ ಇರುತ್ತದೆ. ಒಗೆದಾದ ಮೇಲೆ ಅದರಲ್ಲಿ ಬೂದು ಬಣ್ಣದ ಒದ್ದೆ ಹತ್ತಿಯಂಥದ್ದು ತುಂಬಿರುತ್ತದೆ. ಅವ್ವ ಅದಕ್ಕೆ 'ಮೆಷಿನ್ ಕಸ' ಅನ್ನುತ್ತಾರೆ. ಆದರೆ ಆ ಬಲೆಯ ಕಣ್ಣು ದೊಡ್ಡದು. ಅದರಲ್ಲಿ ನಿಲ್ಲುವುದು ಉದ್ದದ ಎಳೆ, ಕೂದಲು, ಜೇಬಿನಲ್ಲಿ ಮರೆತ ಬಸ್ ಟಿಕೆಟ್ಟು. ಸಣ್ಣದೆಲ್ಲ ನೀರಿನ ಜೊತೆ ಪೈಪಿನಲ್ಲಿ ಹೋಗುತ್ತದೆ. ಅದನ್ನು ಹಿಡಿಯೋಣ ಅಂತ ಅಪ್ಪನ ಒಂದು ಹಳೆಯ ಬಿಳಿ ಹತ್ತಿ ಪಂಚೆ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಪೈಪಿನ ಬಾಯಿಗೆ ದಾರದಿಂದ ಬಿಗಿಯಾಗಿ ಕಟ್ಟಿದೆ.

ಮೊದಲ ತಪ್ಪು ಅದೇ. ಎರಡನೇ ಸಲ ನೀರು ಬಿಟ್ಟಾಗ ಸೋಪಿನ ಜಿಡ್ಡು, ಎಳೆ ಎಲ್ಲ ಸೇರಿ ಬಟ್ಟೆಯ ಕಣ್ಣು ಮುಚ್ಚಿತು. ನೀರು ಇಳಿಯಲೇ ಇಲ್ಲ. ಅವ್ವ ಮೆಷಿನ್ ಕೆಟ್ಟಿತು ಅಂತ ಗಾಬರಿಯಾದರು. ನಮ್ಮ ಮೆಷಿನ್ನಿನಲ್ಲಿ ನೀರು ತಾನಾಗಿ ಇಳಿದು ಹೋಗುವುದರಿಂದ ಬಚಾವಾಯಿತು. ಪಂಪು ನೀರನ್ನು ಹೊರದಬ್ಬುವ ಫುಲ್ ಆಟೋಮ್ಯಾಟಿಕ್‌ನಲ್ಲಿ ಹೀಗೆ ಕಟ್ಟಿದರೆ ಪಂಪಿನ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಪೈಪಿನ ಬಾಯಿಗೆ ಏನನ್ನೂ ಬಿಗಿಯಬೇಡಿ.

ಈಗ ಮಾಡುತ್ತಿರುವುದು ಹೀಗೆ. ತಳದಲ್ಲಿ ತೂತಿರುವ ಒಂದು ಹಳೆಯ ಪ್ಲಾಸ್ಟಿಕ್ ಮಂಕರಿ. ಅದನ್ನು ಎರಡು ಇಟ್ಟಿಗೆಯ ಮೇಲೆ ಕಾಲುವೆಯ ಬಾಯಲ್ಲಿ ಇಟ್ಟಿದ್ದೇವೆ. ಅದರೊಳಗೆ ಪಂಚೆಯನ್ನು ಎರಡೇ ಮಡಿಕೆ ಮಾಡಿ ಜೋಲಿಯ ಹಾಗೆ ಹಾಸಿ ಅಂಚನ್ನು ಮಂಕರಿಯ ಸುತ್ತ ಬಟ್ಟೆಯ ಕ್ಲಿಪ್ಪಿನಿಂದ ಸಿಕ್ಕಿಸುತ್ತೇವೆ. ಪೈಪಿನ ಬಾಯಿ ಮೇಲಿನಿಂದ ಆ ಜೋಲಿಯೊಳಗೆ ಸುರಿಯುತ್ತದೆ, ಬಟ್ಟೆಗೆ ತಾಗುವುದಿಲ್ಲ. ನೀರು ಹೆಚ್ಚಾಗಿ ಅಂಚು ದಾಟುವಂತಾದರೆ ಕಣ್ಣಿಗೆ ಕಾಣುತ್ತದೆ, ಆಗ ಮೆಷಿನ್ನಿನ ನೀರು ಬಿಡುವ ತಿರುಗಣೆಯನ್ನು ಅರ್ಧ ನಿಮಿಷ ನಿಲ್ಲಿಸಿದರೆ ಆಯಿತು. ಹಿಂಡುವ ತೊಟ್ಟಿಯ ನೀರೂ ಅದೇ ಪೈಪಿನಲ್ಲಿ ಬರುವುದರಿಂದ ಹಿಂಡಿ ಮುಗಿಯುವವರೆಗೂ ಮಂಕರಿ ತೆಗೆಯಬಾರದು.

ಎರಡನೇ ತಪ್ಪು ಮಾಡಿದ್ದು ಅದನ್ನು ಸ್ವಚ್ಛ ಮಾಡುವಾಗ. ಪಂಚೆ ಜಿಡ್ಡಾಗಿತ್ತಲ್ಲ, ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಚೆನ್ನಾಗಿ ಬೆಳ್ಳಗಾಯಿತು. ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು, "ಹಿಡ್ದಿದ್ದನ್ನೆಲ್ಲ ಮತ್ತೆ ಚರಂಡಿಗೆ ಬಿಟ್ಟ್ರಲ್ಲ" ಅಂದಳು. ಹೌದು. ಹಿಡಿದ ಎಳೆಯನ್ನು ನೀರಿನಲ್ಲಿ ತೊಳೆದರೆ ಹಿಡಿದದ್ದೇ ವ್ಯರ್ಥ. ಪಂಚೆಯನ್ನು ಹಾಗೇ ಬಿಸಿಲಿಗೆ ಹಾಕಿ ಗರಿಗರಿ ಒಣಗಿಸಬೇಕು. ಒಣಗಿದ ಮೇಲೆ ಕಸ ಪದರದ ಹಾಗೆ ಏಳುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪೇಪರಿನ ಮೇಲೆ ಕೆರೆದು ಮುಚ್ಚಳ ಇರುವ ಡಬ್ಬಕ್ಕೆ ಹಾಕಬೇಕು. ಗಾಳಿ ಬೀಸುವಾಗ ಹೊರಗೆ ಕೆರೆಯಬೇಡಿ, ಎಲ್ಲ ಹಾರಿಹೋಗುತ್ತದೆ. ನಾಲ್ಕೈದು ಸಲ ಆದ ಮೇಲೆ ಜಿಡ್ಡು ಹೆಚ್ಚಾಗಿ ನೀರು ಇಳಿಯುವುದು ತಡವಾಗುತ್ತದೆ. ಆಗ ಚೆನ್ನಾಗಿ ಕೆರೆದು ತೆಗೆದ ಮೇಲೆ ಮಾತ್ರ ಪಂಚೆಯನ್ನು ಬಿಸಿನೀರಿಗೆ ಹಾಕಬೇಕು, ಆ ನೀರನ್ನೂ ಇನ್ನೊಂದು ಬಟ್ಟೆಯಲ್ಲಿ ಸೋಸಬೇಕು.

ಮೂರನೇ ತಪ್ಪು ಅವ್ವನದು. ಡಬ್ಬದ ಕಸವನ್ನು ಒಂದು ದಿನ ಹಂಡೆ ಒಲೆಗೆ ಹಾಕಿದರು. ಹತ್ತಿಯ ಹಾಗೆ ಕಾಣುತ್ತದಲ್ಲ, ಬೆಂಕಿ ಚೆನ್ನಾಗಿ ಹೊತ್ತುತ್ತದೆ ಅಂತ. ಹೊತ್ತಿತು, ಜೊತೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಚ್ಚಲು ತುಂಬಿತು. ಸುಡುವುದು ಬೇಡ, ತಿಪ್ಪೆಗೂ ಬೇಡ, ಯಾಕೆಂದರೆ ತಿಪ್ಪೆ ಗೊಬ್ಬರವಾಗಿ ಹೊಲಕ್ಕೇ ಹೋಗುತ್ತದೆ. ಡಬ್ಬ ತುಂಬಿದಾಗ ಕವರಿಗೆ ಕಟ್ಟಿ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿಗೆ ಒಣಕಸದ ಜೊತೆ ಕೊಡುತ್ತೇವೆ. ಅದನ್ನು ಯಾರೂ ಮರುಬಳಕೆ ಮಾಡುವುದಿಲ್ಲ ಅನ್ನುವುದು ಗೊತ್ತು. ಆದರೆ ಕಟ್ಟಿದ ಕವರಿನಲ್ಲಿ ಒಂದು ಕಡೆ ಬಿದ್ದಿರುವುದು ಕೆರೆಯಲ್ಲಿ ಹರಡುವುದಕ್ಕಿಂತ ವಾಸಿ.

ಆ ವಾಸನೆಯಿಂದ ಒಂದು ಉಪಕಾರವೂ ಆಯಿತು. ಯಾವ ಬಟ್ಟೆ ಯಾವುದು ಅಂತ ಗುರುತಿಸುವುದು ಹೇಗೆ ಅನ್ನುವುದು ಗೊತ್ತಾಯಿತು. ಬಟ್ಟೆಯ ಒಳಹೊಲಿಗೆಯಿಂದ ಒಂದು ನೂಲು ಕಿತ್ತು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿಯಾದರೆ ಕಾಗದದ ವಾಸನೆ, ಮುಟ್ಟಿದರೆ ಉದುರುವ ಬೂದಿ. ಉಣ್ಣೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್, ಅಕ್ರಿಲಿಕ್ ಆದರೆ ನೂಲು ಮುದುಡಿ ಕರಗಿ ತುದಿಯಲ್ಲಿ ಗಟ್ಟಿ ಕರಿ ಮಣಿಯಾಗುತ್ತದೆ. ಮಿಶ್ರ ಬಟ್ಟೆಯಾದರೆ ಬೂದಿಯೂ ಇರುತ್ತದೆ, ಮಣಿಯೂ ಇರುತ್ತದೆ. ಮಣಿ ತಣ್ಣಗಾಗುವವರೆಗೆ ಮುಟ್ಟಬೇಡಿ, ಅಂಟಿಕೊಂಡು ಸುಡುತ್ತದೆ.

ಪಂಚೆ ಎಷ್ಟು ಹಿಡಿಯುತ್ತದೆ ಅಂತ ತಿಳಿಯಲು ಇನ್ನೊಂದು ಪೆದ್ದು ಕೆಲಸ ಮಾಡಿದೆ. ಒಗೆಯುವ ಮುಂಚೆ, ಒಗೆದು ಒಣಗಿದ ಮೇಲೆ ಪಂಚೆಯನ್ನು ತೂಕ ಹಾಕಿದರೆ ಲೆಕ್ಕ ಸಿಗುತ್ತದಲ್ಲ ಅಂತ ಅಕ್ಕಸಾಲಿಗರ ಅಂಗಡಿಗೆ ಹೋದೆ. ಅವರು ಚಿನ್ನದ ತಕ್ಕಡಿಯ ಮೇಲೆ ಪಂಚೆ ಇಟ್ಟು ನೋಡಿದರು. ಒಗೆದು ಕಸ ಹಿಡಿದ ಮೇಲೆ ತೂಕ ಕಡಿಮೆ ಬಂತು! ಅವರು ನಕ್ಕು ಹೇಳಿದರು, "ಸ್ವಾಮಿ, ಹತ್ತಿ ಬಟ್ಟೆ ಗಾಳೀಲಿರೋ ತೇವ ಕುಡೀತದೆ. ಮೋಡದ ದಿನ ಒಂದು ತೂಕ, ಬಿಸಿಲಿನ ದಿನ ಇನ್ನೊಂದು." ನಿಜ. ಒಂದೆರಡು ಗ್ರಾಂ ಹೀಗೆ ಏರಿಳಿಯುವ ಬಟ್ಟೆಯಲ್ಲಿ ಅರ್ಧ ಗ್ರಾಂ ಎಳೆ ಹುಡುಕುವುದು ಆಗದ ಮಾತು. ಹಾಗಾಗಿ ತೂಕ ಬಿಟ್ಟೆ. ಕೆರೆದ ಕಸವನ್ನು ಮಗಳ ಕಪ್ಪು ಸ್ಲೇಟಿನ ಮೇಲೆ ಹರಡಿ ನೋಡುವುದು ಶುರು ಮಾಡಿದೆ. ಯಾವ ದಿನ ಯಾವ ಬಟ್ಟೆ ಹಾಕಿದ್ದೆವು, ಕಸ ಎಷ್ಟಗಲ ಹರಡಿತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಅಳತೆಯಾಗಿ ಇದು ಒರಟು. ಆದರೆ ಯಾವುದು ಹೆಚ್ಚು ಉದುರುತ್ತದೆ ಅನ್ನುವುದು ಎರಡು ತಿಂಗಳಲ್ಲಿ ಕಣ್ಣಿಗೆ ಕಟ್ಟಿತು.

ಅವ್ವನ ಸಿಂಥೆಟಿಕ್ ಸೀರೆಗಳೇ ಅಪರಾಧಿಗಳು ಅಂದುಕೊಂಡಿದ್ದೆ. ಅಲ್ಲ. ನುಣುಪಾದ ಸೀರೆ ನೇಯುವುದು ಉದ್ದಕ್ಕೆ ತುಂಡಾಗದ ಎಳೆಯಿಂದ. ಅದರಲ್ಲಿ ಮುರಿಯಲು ತುದಿಗಳೇ ಕಡಿಮೆ. ಸ್ಲೇಟು ತುಂಬಿದ್ದು ಮಗಳ ಶಾಲೆಯ ಸ್ವೆಟರ್, ನನ್ನ ಮಂಕಿ ಕ್ಯಾಪು, ಸಂತೆಯಲ್ಲಿ ತಂದ ನಯವಾದ ರೋಮದ ಹೊದಿಕೆ ಹಾಕಿದ ದಿನ. ಅವುಗಳ ಮೃದುತ್ವವೇ ಅವುಗಳ ಗುಟ್ಟು. ಮೃದುವಾಗಲಿ ಅಂತಲೇ ಎಳೆಗಳನ್ನು ಮೇಲಕ್ಕೆ ಕೆದರಿ, ಸಡಿಲ ಹೆಣೆದಿರುತ್ತಾರೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಮೂರು ಥರದ ಬಟ್ಟೆ ಹೋಲಿಸಿದಾಗಲೂ ಅಕ್ರಿಲಿಕ್ಕೇ ಮುಂದೆ ಇತ್ತು. ಆರು ಕಿಲೋ ಒಗೆತಕ್ಕೆ ಏಳು ಲಕ್ಷಕ್ಕೂ ಹೆಚ್ಚು ಎಳೆ ಅಂತ ಅವರ ಅಂದಾಜು. ಹತ್ತಿ ಬೆರೆತ ಪಾಲಿಯೆಸ್ಟರಿಗೆ ಅದರ ಐದನೇ ಒಂದು ಭಾಗ.

ಇದು ಗೊತ್ತಾದ ಮೇಲೆ ನಮ್ಮ ಮನೆಯ ಮೊದಲ ಬದಲಾವಣೆ ಮೆಷಿನ್ನಿನಲ್ಲಿ ಆಗಲಿಲ್ಲ, ಹಗ್ಗದ ಮೇಲೆ ಆಯಿತು. ಸ್ವೆಟರನ್ನು ಪ್ರತಿ ವಾರ ಒಗೆಯುವ ಅಭ್ಯಾಸ ಇತ್ತು. ಅದು ಮೈಗೆ ತಾಗುವುದಿಲ್ಲ, ಒಳಗೆ ಅಂಗಿ ಇರುತ್ತದೆ. ಕಲೆಯಾದ ಜಾಗ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಾಕುತ್ತೇವೆ. ಒಗೆಯುವುದು ತಿಂಗಳಿಗೊಮ್ಮೆ. ಹೊದಿಕೆ ಚಳಿಗಾಲ ಮುಗಿದ ಮೇಲೆ ಒಂದೇ ಸಲ. ಒಗೆಯದ ಬಟ್ಟೆ ಮೆಷಿನ್ನಿನ ನೀರಿಗೆ ಎಳೆ ಬಿಡುವುದಿಲ್ಲ, ಅವ್ವನಿಗೆ ಕೆಲಸವೂ ಕಡಿಮೆ. ಹೊಸ ಬಟ್ಟೆ ಮೊದಲ ನಾಲ್ಕೈದು ಒಗೆತದಲ್ಲಿ ಹೆಚ್ಚು ಉದುರಿಸುತ್ತದೆ. ಆದ್ದರಿಂದ ಹೊಸ ಸ್ವೆಟರ್ ಬಂದಾಗ ಆ ನಾಲ್ಕು ಸಲ ಪಂಚೆ ಮರೆಯುವಂತಿಲ್ಲ.

ಎರಡನೇ ಬದಲಾವಣೆ ನೀರಿನದು. ನಯವಾದ ಬಟ್ಟೆಗೆ ಹೆಚ್ಚು ನೀರು ಹಾಕಿ ಮೆತ್ತಗೆ ಒಗೆಯಬೇಕು ಅಂತ ನಾವು ತಿಳಿದಿದ್ದೆವು. ಇಂಗ್ಲೆಂಡಿನದೇ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪರೀಕ್ಷಿಸಿದಾಗ ಉಲ್ಟಾ ಬಂತು. ಮೆಷಿನ್ನಿನ 'ಡೆಲಿಕೇಟ್' ಕ್ರಮದಲ್ಲಿ ಸಾಮಾನ್ಯ ಒಗೆತಕ್ಕಿಂತ ಎಂಟು ಲಕ್ಷದವರೆಗೆ ಹೆಚ್ಚು ಎಳೆ ಹೊರಬಂತು. ಕಾರಣ ಬಟ್ಟೆಗೆ ಹೋಲಿಸಿದರೆ ಅಲ್ಲಿ ನೀರು ಬಹಳ ಹೆಚ್ಚು. ಹೆಚ್ಚು ನೀರು ಬಟ್ಟೆಯ ಒಳಗೆ ನುಗ್ಗಿ ಎಳೆಯನ್ನು ಎಳೆದುಕೊಂಡು ಬರುತ್ತದೆ. ಆದ್ದರಿಂದ ಎರಡು ಸೀರೆ, ಒಂದು ಅಂಗಿಗೆ ತೊಟ್ಟಿ ತುಂಬ ನೀರು ಬಿಡುವುದನ್ನು ನಿಲ್ಲಿಸಿದೆವು. ಬಟ್ಟೆ ಕೂಡಿಟ್ಟು ತೊಟ್ಟಿಗೆ ಆಗುವಷ್ಟು ಹಾಕಿ, ಬಟ್ಟೆ ಮುಳುಗುವಷ್ಟು ಮಾತ್ರ ನೀರು.

ಇಲ್ಲಿ ಒಂದು ಎಚ್ಚರಿಕೆ. ತುಂಬ ಅಂದರೆ ತುರುಕುವುದಲ್ಲ. ಮೆಷಿನ್ ತಿರುಗುವಾಗ ಮೇಲಿನ ಬಟ್ಟೆ ಕೆಳಗೆ ಹೋಗಿ ಕೆಳಗಿನದು ಮೇಲೆ ಬರಬೇಕು. ಒಂದು ನಿಮಿಷ ನಿಂತು ನೋಡಿ. ಮೇಲಿದ್ದ ಕೆಂಪು ಅಂಗಿ ಅಲ್ಲೇ ಕೂತಿದ್ದರೆ ಬಟ್ಟೆ ಹೆಚ್ಚಾಗಿದೆ, ಎರಡು ತೆಗೆಯಿರಿ. ಇಲ್ಲದಿದ್ದರೆ ಕೊಳೆ ಹೋಗುವುದಿಲ್ಲ, ಮತ್ತೆ ಒಗೆಯಬೇಕಾಗುತ್ತದೆ, ಉಳಿಸಿದ್ದೆಲ್ಲ ಹೋಯಿತು. ಒಂದು ಸಲದ ಸೋಪಿನ ನೀರಿನಲ್ಲೇ ಮೊದಲು ಬಿಳಿ, ಆಮೇಲೆ ಬಣ್ಣದ್ದು ಒಗೆಯುವುದು ನಮ್ಮ ಕಡೆ ಎಲ್ಲ ಹೆಂಗಸರೂ ಮಾಡುವ ಕೆಲಸ. ಅದರಿಂದ ಪಂಚೆಯಲ್ಲಿ ಸೋಸಬೇಕಾದ ನೀರೂ ಅರ್ಧವಾಗುತ್ತದೆ.

ಮೂರನೆಯದು ಸಮಯ. ನಮ್ಮ ಮೆಷಿನ್ನಿನ ಗುಂಡಿ 15 ನಿಮಿಷದವರೆಗೆ ತಿರುಗುತ್ತದೆ. ಅವ್ವ ಎಲ್ಲಕ್ಕೂ 15 ಇಡುತ್ತಿದ್ದರು. ಹೊಲದ ಮಣ್ಣಿನ ಪ್ಯಾಂಟಿಗೆ ಅದು ಬೇಕು. ಮನೆಯಲ್ಲಿ ಉಟ್ಟ ಸೀರೆಗೆ ಐದಾರು ನಿಮಿಷ ಸಾಕು. ಬಿಸಿನೀರೂ ಬೇಡ. ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದವರು ಒಂದು ಸೋಪಿನ ಪುಡಿ ಕಂಪನಿಯ ಜೊತೆ ಸೇರಿ 2020ರಲ್ಲಿ ಮಾಡಿದ ಪರೀಕ್ಷೆಯಲ್ಲಿ, 40 ಡಿಗ್ರಿ ಬಿಸಿಯಲ್ಲಿ 85 ನಿಮಿಷ ಒಗೆಯುವ ಬದಲು 15 ಡಿಗ್ರಿ ತಣ್ಣೀರಿನಲ್ಲಿ ಅರ್ಧ ಗಂಟೆ ಒಗೆದಾಗ ಎಳೆ ಶೇ 30ರಷ್ಟು ಕಡಿಮೆಯಾಯಿತು. ಬಟ್ಟೆ ಮೃದು ಮಾಡುವ ದ್ರಾವಣ ಹಾಕಿದರೆ ಎಳೆ ಕಡಿಮೆಯಾಗುತ್ತದೆ ಅಂತ ಕೆಲವರು, ಇಲ್ಲ ಅಂತ ಕೆಲವರು ಹೇಳಿದ್ದಾರೆ. ಅದಕ್ಕೆ ದುಡ್ಡು ಹಾಕಬೇಡಿ.

ಹೊಸ ಮೆಷಿನ್ ಕೊಳ್ಳುವವರಿದ್ದರೆ ಒಂದು ಮಾತು. ಅಮೆರಿಕದ ಸಂಶೋಧಕರು 2016ರಲ್ಲಿ ಚಳಿ ಜಾಕೆಟ್ಟುಗಳನ್ನು ಒಗೆದು ನೋಡಿದಾಗ ಮೇಲಿನಿಂದ ಬಟ್ಟೆ ಹಾಕುವ ಮೆಷಿನ್ನಿನಲ್ಲಿ, ಮುಂದಿನಿಂದ ಹಾಕುವುದಕ್ಕಿಂತ ಸುಮಾರು ಏಳು ಪಟ್ಟು ಎಳೆ ಉದುರಿತ್ತು. ಆದರೆ ಮುಂಬಾಗಿಲಿನ ಮೆಷಿನ್ನಿಗೆ ಬೆಲೆ ಹೆಚ್ಚು, ಸದಾ ನಲ್ಲಿ ನೀರು, ಕರೆಂಟು ಬೇಕು. ನಮ್ಮ ಹಾಗೆ ಕೊಡದಲ್ಲಿ ಹೊಯ್ದು ನಡೆಸುವವರಿಗೆ ಅದು ಆಗುವುದಿಲ್ಲ. ಇದ್ದದ್ದನ್ನು ಸರಿಯಾಗಿ ನಡೆಸುವುದೇ ದಾರಿ.

ಹಾಗಾದರೆ ನನ್ನ ಮೊದಲ ಬರಹದ 'ಕೈಯಲ್ಲಿ ಒಗೆಯಿರಿ' ಏನಾಯಿತು? ಅದು ಚೀನಾದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನ. ಪೂರ್ತಿ ಪಾಲಿಯೆಸ್ಟರ್ ಬಟ್ಟೆಯನ್ನು ಕೈಯಲ್ಲಿ ಒಗೆದಾಗ ಸರಾಸರಿ 1,853 ಎಳೆ, ಮೆಷಿನ್ನಿನಲ್ಲಿ 23,723. ಇಷ್ಟನ್ನು ನಾನು ಬರೆದಿದ್ದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು, ಅದನ್ನು ಜಾಗ ಸಾಲದು ಅಂತ ಬಿಟ್ಟಿದ್ದೆ. ಮೊದಲೇ ನೆನೆಹಾಕಿದರೆ, ಸೋಪು ಹಾಕಿದರೆ, ಉಜ್ಜುವ ಹಲಗೆಯ ಮೇಲೆ ತಿಕ್ಕಿದರೆ ಕೈಯೊಗೆತದಲ್ಲೂ ಉದುರುವುದು ಹೆಚ್ಚುತ್ತದೆ. ಆದರೂ ಮೆಷಿನ್ನಿನಷ್ಟು ಆಗುವುದಿಲ್ಲ. ನಾವು ಮಾಡುವುದು ಈ ಮೂರನ್ನೂ, ಮೇಲೆ ಕಲ್ಲಿಗೆ ಕುಕ್ಕುವುದು ಬೇರೆ. ಕಲ್ಲಿನ ಮೇಲೆ ಒಗೆದರೆ ಸೋಸಲು ಪೈಪೂ ಇರುವುದಿಲ್ಲ, ನೀರು ನಾಲ್ಕೂ ಕಡೆ ಹರಿಯುತ್ತದೆ. ಮೆಷಿನ್ ಹೆಚ್ಚು ಉದುರಿಸಿದರೂ ನೀರನ್ನು ಒಂದೇ ಬಾಯಿಂದ ಕೊಡುತ್ತದೆ. ಆ ಬಾಯಿ ಸಿಕ್ಕಿದ್ದೇ ನಮಗೆ ಅನುಕೂಲ.

ಈಗ ಹೆಚ್ಚೇನೂ ಒಗೆಯಬೇಕಿಲ್ಲದ ದಿನ, ಒಂದೋ ಎರಡೋ ಸಿಂಥೆಟಿಕ್ ಬಟ್ಟೆ ಇದ್ದರೆ, ಬಕೆಟ್ಟಿನಲ್ಲಿ ಮುಳುಗಿಸಿ ಒತ್ತಿ ತೆಗೆಯುವುದು ನನ್ನ ಪಾಲಿನ ಕೆಲಸ. ತಿಕ್ಕುವುದಿಲ್ಲ, ಕುಕ್ಕುವುದಿಲ್ಲ. ಆ ಬಕೆಟ್ಟಿನ ನೀರೂ ಮಂಕರಿಗೇ.

ಪಂಚೆಯ ಮಿತಿಯನ್ನು ಮುಚ್ಚಿಡುವುದಿಲ್ಲ. ಅದರ ನೇಯ್ಗೆಯ ಕಣ್ಣಿಗಿಂತ ಎಳೆ ತೆಳ್ಳಗಿದೆ. ಅಡ್ಡಡ್ಡ ಸಿಕ್ಕಿಕೊಂಡದ್ದು ನಿಲ್ಲುತ್ತದೆ, ನೆಟ್ಟಗೆ ಬಂದದ್ದು ದಾಟುತ್ತದೆ. ಇದಕ್ಕೆಂದೇ ಮಾಡಿದ ಸಾಧನಗಳನ್ನು ಪ್ಲಿಮತ್‌ನವರು 2020ರಲ್ಲಿ ಪರೀಕ್ಷಿಸಿದಾಗ ಎಲ್ಲಕ್ಕಿಂತ ಒಳ್ಳೆಯದು ಶೇ 78ರಷ್ಟು ಎಳೆ ತಡೆಯಿತು. ಬಟ್ಟೆ ಹಾಕಿ ಒಗೆಯುವ ವಿಶೇಷ ಚೀಲವೊಂದು ಶೇ 54. ನಮ್ಮ ಪಂಚೆಯನ್ನು ಅವುಗಳಿಗೆ ಸಮ ಅಂತ ನಾನು ಹೇಳಲಾರೆ. ಬಟ್ಟೆ ಉಟ್ಟು ಓಡಾಡುವಾಗ, ಕೊಡವುವಾಗ ಗಾಳಿಗೆ ಹೋಗುವ ಎಳೆಗೂ ನಮ್ಮಲ್ಲಿ ಉಪಾಯವಿಲ್ಲ. ಆದರೆ ಮನೆಮನೆಯ ಸೋಸುವಿಕೆಯಿಂದ ಏನೂ ಆಗದು ಅನ್ನುವುದೂ ನಿಜವಲ್ಲ. ಕೆನಡಾದ ಪ್ಯಾರಿ ಸೌಂಡ್ ಅನ್ನುವ ಸಣ್ಣ ಪಟ್ಟಣದಲ್ಲಿ 97 ಮನೆಗಳ ಮೆಷಿನ್ನಿಗೆ ಸೋಸುಕ ಹಾಕಿ ನೋಡಿದರು. ಊರಿನ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನಲ್ಲಿ ಎಳೆಗಳು ಎದ್ದು ಕಾಣುವಷ್ಟು ಕಡಿಮೆಯಾಗಿದ್ದವು.

ಪಂಚೆ ದಾಟಿದ ನೀರನ್ನು ನಾವೀಗ ಬೀದಿಗೆ ಬಿಡುತ್ತಿಲ್ಲ. ಉದ್ಯೋಗ ಖಾತರಿಯಲ್ಲಿ ಹಿಂದೆ ಮಾಡಿಸಿದ್ದ ಬಚ್ಚಲು ಗುಂಡಿ ಹಿತ್ತಿಲಲ್ಲಿ ಇತ್ತು, ಅದಕ್ಕೆ ತಿರುಗಿಸಿದ್ದೇವೆ. ಉಳಿದ ಎಳೆ ಆ ಗುಂಡಿಯ ಕಲ್ಲು, ಮರಳಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಅದು ಮಾಯವಾಗುವುದಿಲ್ಲ, ಒಂದೇ ಕಡೆ ಇರುತ್ತದೆ ಅಷ್ಟೇ. ಗುಂಡಿಯ ಮುಂದಿನ ಸಣ್ಣ ತೊಟ್ಟಿಯ ಕೆಸರನ್ನು ಆರು ತಿಂಗಳಿಗೊಮ್ಮೆ ತೆಗೆಯದಿದ್ದರೆ ಗುಂಡಿ ಕಟ್ಟಿಕೊಂಡು ನೀರು ಮೇಲೆ ನಿಲ್ಲುತ್ತದೆ. ಆ ಕೆಸರು ತರಕಾರಿ ಪಾತಿಗೆ ಬೇಡ.

ಇದನ್ನೆಲ್ಲ ಸೇರಿಸಿ ಪತ್ರಿಕೆಗೆ ಎರಡನೇ ಬರಹ ಕಳಿಸಿದೆ. ಒಂದೇ ವಿಷಯ ಎರಡು ಸಲ ಬೇಡ ಅಂತ ಬಿಟ್ಟರು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊನ್ನೆ ಪಕ್ಕದ ಮನೆಯ ಅಕ್ಕ ಬಂದು ಇಟ್ಟಿಗೆಯ ಮೇಲಿನ ಮಂಕರಿ ನೋಡಿ, "ಇದೇನವ್ವ, ಮೆಷಿನ್ಗೂ ಸೋಸಣಿಗೆ ಇಟ್ಟಿದೀರಿ?" ಅಂದರು. ಅವ್ವ ಡಬ್ಬದ ಮುಚ್ಚಳ ತೆಗೆದು ತೋರಿಸಿದರು. ಬೂದು ಬಣ್ಣದ ಮೆತ್ತನೆ ಕಸ, ನಡುನಡುವೆ ಮಗಳ ಸ್ವೆಟರಿನ ನೀಲಿ. ಅಕ್ಕ ಬೆರಳಿನಲ್ಲಿ ಹಿಡಿದು ನೋಡಿ, "ನಮ್ಮನೇದು ಎಲ್ಲೋಯ್ತದೆ?" ಅಂದರು.

"ನಿಮ್ಮ ಪೈಪು ಎಲ್ಲಿಗ್ ಬಿಟ್ಟಿದೀರೋ ಅಲ್ಲಿಗೆ" ಅಂದರು ಅವ್ವ. ಆಮೇಲೆ ಒಳಗೆ ಹೋಗಿ ಅಪ್ಪನ ಇನ್ನೊಂದು ಹಳೆಯ ಪಂಚೆ ತಂದುಕೊಟ್ಟರು.